ಉದ್ದದ ಲೋಲಕ ಓಡುವುದೇನೋ ಜೋರು, ಆದರೂ ಹಿಂದೆ ಬೀಳುತ್ತದೆ

ಪಿಯುಸಿ ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಸರಳ ಲೋಲಕ ಬಂದರೆ ಎಲ್ಲರಿಗೂ ಖುಷಿ. ಸುಡುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ರೀಡಿಂಗ್ ತೆಗೆದುಕೊಳ್ಳಲು ಹತ್ತು ನಿಮಿಷ ಸಾಕು. ನಮ್ಮ ಪರೀಕ್ಷೆಯ ದಿನ ನನ್ನ ಪಕ್ಕದ ಟೇಬಲ್‌ನ ಗೆಳೆಯನಿಗೆ ಅದೇ ಬಂದಿತ್ತು. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಅವನನ್ನು ಕೇಳಿದರು: ‘ದಾರ ಉದ್ದ ಮಾಡಿದರೆ ಏನಾಗುತ್ತಪ್ಪಾ?’ ‘ಸರ್, ಟೈಮ್ ಪೀರಿಯಡ್ ಜಾಸ್ತಿ ಆಗುತ್ತೆ’ ಅಂದ. ‘ಯಾಕೆ?’ ‘ಸರ್, T = 2π√(L/g). L ಮೇಲಿದೆ, ಅದಕ್ಕೇ.’ ಅವರು ನಕ್ಕು, ‘ಲೋಲಕಕ್ಕೆ ಸೂತ್ರ ಓದೋಕೆ ಬರಲ್ಲವಲ್ಲಪ್ಪಾ, ಅದಕ್ಕೆ ಹೇಗೆ ಗೊತ್ತಾಗುತ್ತೆ?’ ಎಂದು ಮುಂದಿನ ಟೇಬಲ್‌ಗೆ ಹೋದರು. ಅಂಕವೇನೂ ಕಡಿಮೆಯಾಗಲಿಲ್ಲ. ಆದರೆ ಪ್ರಶ್ನೆ ಪಕ್ಕದಲ್ಲಿದ್ದ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಅದಕ್ಕೆ ಉತ್ತರ ಕಾಣಲು ಲ್ಯಾಬ್ ಬೇಕಿಲ್ಲ. ಎರಡು ದಪ್ಪ ನಟ್ಟು, ಸ್ವಲ್ಪ ಹೊಲಿಗೆ ದಾರ, ಒಂದು ಬಾಗಿಲು ಸಾಕು. ಬಾಗಿಲ ಮೇಲಿನ ಚೌಕಟ್ಟಿನಿಂದ ಒಂದು ನಟ್ಟನ್ನು 25 ಸೆಂಟಿಮೀಟರ್ ದಾರದಲ್ಲಿ, ಇನ್ನೊಂದನ್ನು ಸರಿಯಾಗಿ 100 ಸೆಂಟಿಮೀಟರ್ ದಾರದಲ್ಲಿ ಇಳಿಬಿಡಿ. ಉದ್ದವನ್ನು ಅಳೆಯುವಾಗ ದಾರ ಮುಗಿಯುವವರೆಗೆ ಅಲ್ಲ, ನಟ್ಟಿನ ನಡುಭಾಗದವರೆಗೆ ಅಳೆಯಬೇಕು. ಎರಡನ್ನೂ ಸುಮಾರು ಹತ್ತು ಡಿಗ್ರಿ ಓರೆಯಾಗಿ ಎಳೆದು ಒಟ್ಟಿಗೆ ಬಿಡಿ. ಗಿಡ್ಡದ್ದು ಎರಡು ಸಲ ಹೋಗಿ ಬರುವಷ್ಟರಲ್ಲಿ ಉದ್ದದ್ದು ಒಂದು ಸಲ ಹೋಗಿ ಬರುತ್ತದೆ. ಇಪ್ಪತ್ತು ಆಂದೋಲನಗಳನ್ನು ಎಣಿಸಿ ಫೋನಿನ ಸ್ಟಾಪ್‌ವಾಚ್ ನೋಡಿದರೆ ಗಿಡ್ಡದ್ದಕ್ಕೆ ಹೆಚ್ಚು ಕಡಿಮೆ 20 ಸೆಕೆಂಡ್, ಉದ್ದದ್ದಕ್ಕೆ 40 ಸೆಕೆಂಡ್ ಬರುತ್ತದೆ. ಉದ್ದ ನಾಲ್ಕು ಪಟ್ಟು, ಸಮಯ ಎರಡೇ ಪಟ್ಟು. ಸೂತ್ರದಲ್ಲಿರುವ ವರ್ಗಮೂಲ ಎಂದರೆ ಇಷ್ಟೇ.

ಈಗ ವಿಚಿತ್ರ ನೋಡಿ. ‘ಉದ್ದದ ಲೋಲಕ ನಿಧಾನ’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಹಿಂದೆ ಒಂದು ಸ್ಕೇಲ್ ಇಟ್ಟು ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆದರೆ, ತೀರ ಕೆಳಗಿನ ಬಿಂದುವನ್ನು ದಾಟುವಾಗ ಉದ್ದದ ದಾರದ ನಟ್ಟೇ ಜೋರಾಗಿ ಓಡುತ್ತಿರುತ್ತದೆ. ಲೆಕ್ಕದ ಪ್ರಕಾರ ಗಿಡ್ಡದ್ದು ಸೆಕೆಂಡಿಗೆ ಸುಮಾರು 27 ಸೆಂಟಿಮೀಟರ್ ವೇಗದಲ್ಲಿದ್ದರೆ ಉದ್ದದ್ದು 55 ಸೆಂಟಿಮೀಟರ್ ವೇಗದಲ್ಲಿರುತ್ತದೆ. ಅಂದರೆ ಎರಡು ಪಟ್ಟು ಜೋರು. ಜೋರಾಗಿ ಓಡುವವನೇ ತಡವಾಗಿ ಬಂದ ಹಾಗಾಯಿತು!

ನಾಗರ ಪಂಚಮಿಯಲ್ಲಿ ದೊಡ್ಡ ಮರಕ್ಕೆ ಕಟ್ಟಿದ ಜೋಕಾಲಿ ಜೀಕಿದವರಿಗೆ ಇದು ಮೈಗೇ ಗೊತ್ತಿರುತ್ತದೆ. ಮನೆಯ ಪಡಸಾಲೆಯ ಉಯ್ಯಾಲೆಗೆ ಎರಡು ಮೀಟರ್ ಸರಪಳಿ ಇದ್ದರೆ ಅದು ಹೋಗಿ ಬರಲು ಮೂರು ಸೆಕೆಂಡೂ ಬೇಡ. ಆರು ಮೀಟರ್ ಹಗ್ಗದ ಜೋಕಾಲಿಗೆ ಸುಮಾರು ಐದು ಸೆಕೆಂಡ್ ಬೇಕು. ಆದರೆ ಕಿವಿಯಲ್ಲಿ ಗಾಳಿ ಸುಯ್ ಅನ್ನುವುದು, ಹೊಟ್ಟೆಯಲ್ಲಿ ಝುಂ ಅನ್ನುವುದು ಮರದ ಜೋಕಾಲಿಯಲ್ಲೇ ಹೊರತು ಪಡಸಾಲೆಯ ಉಯ್ಯಾಲೆಯಲ್ಲಲ್ಲ. ವೇಗ ಬೇರೆ, ಒಂದು ಸುತ್ತು ಮುಗಿಸಲು ಬೇಕಾದ ಸಮಯ ಬೇರೆ. ‘ನಿಧಾನ’ ಎಂಬ ಒಂದೇ ಪದ ಎರಡಕ್ಕೂ ಬಳಕೆಯಾಗುವುದರಿಂದಲೇ ಗೊಂದಲ.

ಹಾಗಾದರೆ ಉದ್ದದ್ದಕ್ಕೆ ಸಮಯ ಹೆಚ್ಚು ಬೇಕಾಗುವುದೇಕೆ? ಗುಂಡು ಓಡುವ ದಾರಿಯನ್ನು ಒಂದು ಜಾರುಬಂಡೆ ಎಂದುಕೊಳ್ಳಿ. ದಾರ ನೆಟ್ಟಗಿನಿಂದ ಹತ್ತು ಡಿಗ್ರಿ ಓರೆಯಾಗಿದ್ದಾಗ ಗುಂಡಿನ ಕೆಳಗಿನ ಆ ಕಾಣದ ಜಾರುಬಂಡೆಯ ಇಳಿಜಾರೂ ಹತ್ತು ಡಿಗ್ರಿಯೇ. ದಾರ ಐದು ಡಿಗ್ರಿಗೆ ಬಂದಾಗ ಇಳಿಜಾರೂ ಐದಕ್ಕೆ ಇಳಿಯುತ್ತದೆ. ಕೆಳಗೆ ಬಂದಾಗ ಸಮತಟ್ಟು. ಈ ಮಾತಿನಲ್ಲಿ ದಾರದ ಉದ್ದವೇ ಬರಲಿಲ್ಲ ಎಂಬುದನ್ನು ಗಮನಿಸಿ. 25 ಸೆಂಟಿಮೀಟರ್ ಲೋಲಕಕ್ಕೂ 100 ಸೆಂಟಿಮೀಟರ್ ಲೋಲಕಕ್ಕೂ ಇರುವುದು ಒಂದೇ ಆಕಾರದ ಜಾರುಬಂಡೆ. ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು ದೊಡ್ಡದು ಮಾಡಿದ ಜೆರಾಕ್ಸ್, ಅಷ್ಟೇ.

ಇಳಿಜಾರು ಒಂದೇ ಆದ ಮೇಲೆ ಗುಂಡನ್ನು ದಾರಿಯ ಉದ್ದಕ್ಕೂ ಎಳೆಯುವ ವೇಗೋತ್ಕರ್ಷವೂ ಒಂದೇ. ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಹೆಚ್ಚುತ್ತದೆ ಎಂಬುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಇಳಿಯಬೇಕಾದ ದೂರ? ಹತ್ತು ಡಿಗ್ರಿಯಿಂದ ಕೆಳಗಿನವರೆಗೆ ಗಿಡ್ಡದ್ದಕ್ಕೆ 4.4 ಸೆಂಟಿಮೀಟರ್, ಉದ್ದದ್ದಕ್ಕೆ 17.5 ಸೆಂಟಿಮೀಟರ್. ಅದೇ ಎಳೆತದಲ್ಲಿ ನಾಲ್ಕು ಪಟ್ಟು ದೂರ. ಸಮಯ ಹೆಚ್ಚಾಗದೆ ಇರುತ್ತದೆಯೇ?

ನಾಲ್ಕು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ ಯಾಕಲ್ಲ ಎಂಬುದು ಮುಂದಿನ ಪ್ರಶ್ನೆ. ನಿಂತಲ್ಲಿಂದ ಬಿಟ್ಟ ವಸ್ತು ಒಂದೇ ವೇಗದಲ್ಲಿ ಓಡುವುದಿಲ್ಲ, ಓಡುತ್ತಾ ಓಡುತ್ತಾ ವೇಗ ಗಳಿಸುತ್ತದೆ. ಮೇಲಿಂದ ಕಲ್ಲು ಬಿಟ್ಟರೆ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ಎರಡನೇ ಸೆಕೆಂಡ್ ಮುಗಿಯುವಷ್ಟರಲ್ಲಿ ಒಟ್ಟು 20 ಮೀಟರ್ ಬಿದ್ದಿರುತ್ತದೆ. ನಾಲ್ಕು ಪಟ್ಟು ದೂರ, ಎರಡು ಪಟ್ಟು ಸಮಯ. ಲೋಲಕದಲ್ಲೂ ಇದೇ ನಡೆಯುತ್ತಿರುವುದು. ಉದ್ದದ ಗುಂಡಿಗೆ ದಾರಿ ದೊಡ್ಡದು. ಆದರೆ ದಾರಿ ದೊಡ್ಡದಾಗಿರುವುದರಿಂದಲೇ ಅದಕ್ಕೆ ವೇಗ ಗಳಿಸಲು ಹೆಚ್ಚು ಹೊತ್ತು ಸಿಗುತ್ತದೆ. ಹಾಗಾಗಿ ನಾಲ್ಕು ಪಟ್ಟು ದಾರಿಯನ್ನು ಎರಡು ಪಟ್ಟು ವೇಗದಲ್ಲಿ ಓಡಿ ಎರಡು ಪಟ್ಟು ಸಮಯದಲ್ಲಿ ಮುಗಿಸುತ್ತದೆ. ಗಳಿಸಿದ ವೇಗ ತಡವನ್ನು ಅರ್ಧ ತುಂಬಿಕೊಡುತ್ತದೆ, ಪೂರ್ತಿ ತುಂಬಿಕೊಡುವುದಿಲ್ಲ.

ಇದನ್ನು ನಮ್ಮ ಹಾಸ್ಟೆಲ್ ರೂಮಿನಲ್ಲಿ ವಿವರಿಸಿದಾಗ ಒಬ್ಬಳು ಗೆಳತಿ ಫೋನಿನಲ್ಲೇ ತಕರಾರು ತೆಗೆದಳು. ‘ಎರಡನ್ನೂ ಒಂದೇ ಕೋನದಿಂದ ಬಿಟ್ಟದ್ದಕ್ಕೆ ಹಾಗಾಯಿತು. ಎರಡನ್ನೂ ಬರೀ ಐದು ಸೆಂಟಿಮೀಟರ್ ಪಕ್ಕಕ್ಕೆ ಎಳೆದು ಬಿಡು. ಆಗ ಇಬ್ಬರಿಗೂ ದಾರಿ ಒಂದೇ ತಾನೆ?’ ಒಳ್ಳೆಯ ತಕರಾರು. ಐದು ಸೆಂಟಿಮೀಟರ್ ಎಳೆದರೆ ಗಿಡ್ಡ ದಾರ ಹನ್ನೊಂದೂವರೆ ಡಿಗ್ರಿ ಓರೆಯಾಗುತ್ತದೆ, ಉದ್ದದ್ದು ಮೂರು ಡಿಗ್ರಿಯೂ ಆಗುವುದಿಲ್ಲ. ಈಗ ದೂರ ಒಂದೇ ಆದರೂ ಉದ್ದದ ಲೋಲಕದ ಜಾರುಬಂಡೆ ಕಾಲು ಭಾಗದಷ್ಟೇ ಇಳಿಜಾರು, ಆದ್ದರಿಂದ ಎಳೆತವೂ ಕಾಲು ಭಾಗ. ಕಾಲು ಎಳೆತದಲ್ಲಿ ಅದೇ ದೂರ ಹೋಗಲು ಎರಡು ಪಟ್ಟು ಸಮಯ ಬೇಕು. ಈ ಸಲ ಉದ್ದದ ಗುಂಡು ನಿಜಕ್ಕೂ ನಿಧಾನವಾಗಿಯೇ ಓಡುತ್ತದೆ, ಗಿಡ್ಡದರ ಅರ್ಧ ವೇಗದಲ್ಲಿ. ಆದರೂ ಸಮಯದ ಉತ್ತರ ಬದಲಾಗಲಿಲ್ಲ: ಎರಡು ಪಟ್ಟು. ಜೋರಾಗಿ ತಳ್ಳಿ, ಮೆಲ್ಲಗೆ ತಳ್ಳಿ, ಆ ಉದ್ದಕ್ಕೆ ಆ ಸಮಯ.

ಇದಕ್ಕೊಂದು ಮಿತಿ ಇದೆ. ತೂಗಾಟ ಚಿಕ್ಕದಾಗಿರಬೇಕು. ಹತ್ತು ಡಿಗ್ರಿಯಿಂದ ಬಿಟ್ಟರೆ ಸೂತ್ರ ಹೇಳುವುದಕ್ಕೂ ನಿಜಕ್ಕೂ ಸಾವಿರದಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ, ಸ್ಟಾಪ್‌ವಾಚ್‌ಗೆ ಅದು ಕಾಣುವುದಿಲ್ಲ. ಅರವತ್ತು ಡಿಗ್ರಿಯಿಂದ ಬಿಟ್ಟರೆ ಸಮಯ ಶೇ 7ರಷ್ಟು ಹೆಚ್ಚಾಗುತ್ತದೆ, ಅದು ಕಂಡೇ ಕಾಣುತ್ತದೆ. ಗುಂಡಿನ ತೂಕದ ಮಾತು ಇನ್ನೂ ಸುಲಭ. ನಟ್ಟಿನ ಬದಲು ಅದೇ ಉದ್ದಕ್ಕೆ ಬೀಗ ಕಟ್ಟಿದರೂ ಸಮಯ ಬದಲಾಗುವುದಿಲ್ಲ. ಭಾರ ಹೆಚ್ಚಿದಷ್ಟೂ ಎಳೆತ ಹೆಚ್ಚು, ಆದರೆ ಭಾರ ಹೆಚ್ಚಿದಷ್ಟೂ ಅಲುಗಿಸುವುದೂ ಕಷ್ಟ. ಎರಡೂ ಸಮ ಸಮ.

ದಾರವನ್ನಷ್ಟೇ ಅಳೆದು ಗುಂಡಿನ ಅರ್ಧವನ್ನು ಬಿಟ್ಟುಬಿಡುವುದು ಲ್ಯಾಬಿನಲ್ಲಿ ಬಹಳ ಜನ ಮಾಡುವ ಕೆಲಸ. ಅದನ್ನು ಗ್ರಾಫೇ ಹಿಡಿದುಕೊಡುತ್ತದೆ. ಉದ್ದಕ್ಕೆ ಎದುರಾಗಿ ಸಮಯದ ವರ್ಗವನ್ನು ಗುರುತಿಸಿದರೆ ಮೂಲಬಿಂದುವಿನಿಂದ ಹೊರಡುವ ಸರಳ ರೇಖೆ ಬರಬೇಕು. ರೇಖೆ ನೇರವಾಗಿದ್ದು, ಮೂಲಬಿಂದುವನ್ನು ಸ್ವಲ್ಪ ತಪ್ಪಿಸಿಕೊಂಡು ಹೋಗಿದ್ದರೆ ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದ ಉದ್ದ ಬಿಟ್ಟುಹೋಗಿದೆ ಎಂದರ್ಥ. ಆಗಲೂ ರೇಖೆಯ ಇಳಿಜಾರು ಸರಿಯಾಗಿಯೇ ಇರುತ್ತದೆ, ಅದರಿಂದ g ತೆಗೆದರೆ ಸರಿಯಾದ ಉತ್ತರವೇ ಸಿಗುತ್ತದೆ. ಒಂದೊಂದೇ ರೀಡಿಂಗ್‌ನಿಂದ g ತೆಗೆದು ಸರಾಸರಿ ಮಾಡುವುದಕ್ಕಿಂತ ಗ್ರಾಫ್ ಒಳ್ಳೆಯದು ಎಂದು ಲೆಕ್ಚರರ್‌ಗಳು ಹೇಳುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಳೆದ ರಜೆಯಲ್ಲಿ, ಅಜ್ಜಿಯ ಮನೆಯ ಗೋಡೆ ಗಡಿಯಾರದ ಮುಂದೆ.

ಅದು ಅಜ್ಜ ತಂದ ಗಡಿಯಾರ. ವಾರಕ್ಕೊಮ್ಮೆ ಕೀ ಕೊಡಬೇಕು, ಗಂಟೆಗೊಮ್ಮೆ ಹೊಡೆಯುತ್ತದೆ. ಅಜ್ಜ ಹೋದ ಮೇಲೆ ಅಜ್ಜಿಯೇ ಕೀ ಕೊಡುತ್ತಾ ಬಂದಿದ್ದಾರೆ. ಮನೆಗೆ ಸುಣ್ಣ ಬಳಿಯುವಾಗ ಅದನ್ನು ಇಳಿಸಿ ಮತ್ತೆ ತೂಗು ಹಾಕಿದ್ದರು. ಅಲ್ಲಿಂದ ಅದು ಹಿಂದೆ ಬೀಳಲು ಶುರುವಾಯಿತು. ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಅಜ್ಜಿ ನಂಬಿದ್ದು ಇದರ ಹೊಡೆತವನ್ನೇ. ಎರಡು ಸಲ ಡೇರಿ ಬಾಗಿಲು ಹಾಕಿದ ಮೇಲೆ ಹೋಗಿ ಹಾಲು ವಾಪಸ್ ತಂದರು. ಪೇಟೆಯಿಂದ ಬಂದ ರಿಪೇರಿಯವರು ನೋಡಿ, ‘ಅಮ್ಮಾ, ಇದರ ಮಶೀನು ಸವೆದುಹೋಗಿದೆ. ಒಳಗೆಲ್ಲ ತೆಗೆದು ಬ್ಯಾಟರಿ ಮಶೀನು ಕೂರಿಸಿಕೊಡ್ತೀನಿ, ತೂಗಾಡೋದು ಬರೀ ನೋಡೋಕೆ ಇರಲಿ’ ಎಂದು ಹೇಳಿ ಹೋಗಿದ್ದರು. ಅಜ್ಜಿಗೆ ಮನಸ್ಸಿರಲಿಲ್ಲ. ‘ಅವರ ಕೈಯಲ್ಲಿ ಇಷ್ಟು ವರ್ಷ ನಡೀತಲ್ಲ ಮಗಾ, ನನ್ನ ಕೈಗೆ ಬಂದ ಕೂಡಲೇ ಸವೆದುಹೋಯ್ತಾ?’ ಎಂದರು. ಅದುವರೆಗೆ ಅವರು ದಿನಾ ಬೆಳಗ್ಗೆ ರೇಡಿಯೊ ವಾರ್ತೆಯ ಹೊತ್ತಿಗೆ ನಿಮಿಷದ ಮುಳ್ಳನ್ನು ಬೆರಳಿನಿಂದ ಮುಂದೆ ತಳ್ಳುತ್ತಿದ್ದರು.

ಮುಳ್ಳು ತಳ್ಳುವುದರಿಂದ ಗಡಿಯಾರ ತೋರಿಸುವ ಹೊತ್ತು ಸರಿಯಾಗುತ್ತದೆ, ಅದರ ನಡಿಗೆ ಸರಿಯಾಗುವುದಿಲ್ಲ. ಮರುದಿನ ಮತ್ತೆ ಅಷ್ಟೇ ಹಿಂದೆ. ಹಾಗಾಗಿ ಮೊದಲು ಮಾಡಬೇಕಾದದ್ದು ಮುಳ್ಳನ್ನು ಮುಟ್ಟದೆ ನೋಡುವುದು. ನಾನು ಫೋನಿನ ಸಮಯಕ್ಕೆ ಹೋಲಿಸಿ ಮೂರು ದಿನ ಒಂದೇ ಹೊತ್ತಿಗೆ ಬರೆದಿಟ್ಟೆ. ದಿನಕ್ಕೆ ನಾಲ್ಕು ನಿಮಿಷ, ಮತ್ತೆ ನಾಲ್ಕು ನಿಮಿಷಕ್ಕೆ ಐದು ಸೆಕೆಂಡ್ ಕಡಿಮೆ, ಮತ್ತೆ ನಾಲ್ಕು ನಿಮಿಷ. ಇದು ಬಹಳ ದೊಡ್ಡ ಸುಳಿವು. ಒಳಗಿನ ಹಲ್ಲಿನ ಚಕ್ರ ಸವೆದಿದ್ದರೆ ಅಥವಾ ಎಣ್ಣೆ ಗಟ್ಟಿಯಾಗಿದ್ದರೆ ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಏಳು ನಿಮಿಷ ಎಂದು ಏರುಪೇರಾಗುತ್ತದೆ, ಅಥವಾ ಗಡಿಯಾರ ನಡುವೆ ನಿಂತೇ ಬಿಡುತ್ತದೆ. ದಿನವೂ ಒಂದೇ ಲೆಕ್ಕದಲ್ಲಿ ತಪ್ಪುವ ಗಡಿಯಾರ ರೋಗಿಯಲ್ಲ, ಅದರ ಲೋಲಕ ಉದ್ದವಾಗಿದೆ ಅಷ್ಟೇ. ಟಿಕ್ ಮತ್ತು ಟಾಕ್ ನಡುವಿನ ಅಂತರವೂ ಸಮವಾಗಿತ್ತು, ಕುಂಟುತ್ತಿರಲಿಲ್ಲ. ಗಡಿಯಾರ ಗೋಡೆಯ ಮೇಲೆ ಓರೆಯಾಗಿ ಕೂತಿದ್ದರೆ ಕುಂಟುತ್ತದೆ. ಆ ಅನುಮಾನವೂ ಹೋಯಿತು.

ಗಾಜಿನ ಬಾಗಿಲು ತೆರೆದರೆ ಮರದ ಕಡ್ಡಿ, ಅದರ ತುದಿಯಲ್ಲಿ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಕೆಳಗೆ ಚಿಕ್ಕದೊಂದು ನಟ್ಟು. ಬಿಲ್ಲೆ ಕೂತಿರುವುದು ಆ ನಟ್ಟಿನ ಮೇಲೆ. ನಟ್ಟು ಮೇಲೇರಿಸಿದರೆ ಬಿಲ್ಲೆ ಮೇಲೆ, ಇಳಿಸಿದರೆ ಕೆಳಗೆ. ಸುಣ್ಣ ಬಳಿಯುವಾಗ ಲೋಲಕವನ್ನು ಬಿಚ್ಚಿಟ್ಟಿದ್ದರು, ಆಗ ಯಾರದೋ ಕೈಯಲ್ಲಿ ನಟ್ಟು ನಾಲ್ಕು ಸುತ್ತು ತಿರುಗಿರಬೇಕು.

ಎಷ್ಟು ಏರಿಸಬೇಕು? ಇದನ್ನು ಅಂದಾಜಿನಲ್ಲಿ ಮಾಡಿದರೆ ವಾರಗಟ್ಟಲೆ ಹಿಡಿಯುತ್ತದೆ, ಏಕೆಂದರೆ ಪ್ರತಿ ಸಲ ಫಲಿತಾಂಶ ನೋಡಲು ಒಂದು ದಿನ ಕಾಯಬೇಕು. ಲೆಕ್ಕ ಸುಲಭ. ಸಮಯವು ಉದ್ದದ ವರ್ಗಮೂಲದಂತೆ ಹೋಗುವುದರಿಂದ, ಉದ್ದದಲ್ಲಿ ಶೇ 1 ಬದಲಾದರೆ ಸಮಯದಲ್ಲಿ ಶೇ ಅರ್ಧ ಬದಲಾಗುತ್ತದೆ. ತಿರುಗಿಸಿ ಹೇಳಿದರೆ, ಸಮಯವನ್ನು ಎಷ್ಟು ಪಾಲು ತಿದ್ದಬೇಕೋ ಅದರ ಎರಡರಷ್ಟು ಪಾಲು ಉದ್ದವನ್ನು ತಿದ್ದಬೇಕು. ಒಂದು ದಿನಕ್ಕೆ 1440 ನಿಮಿಷ, ಅದರಲ್ಲಿ 4 ನಿಮಿಷ ತಪ್ಪು ಎಂದರೆ 360ರಲ್ಲಿ ಒಂದು ಪಾಲು. ಆದ್ದರಿಂದ ಉದ್ದವನ್ನು 180ರಲ್ಲಿ ಒಂದು ಪಾಲು ಕಡಿಮೆ ಮಾಡಬೇಕು.

ಉದ್ದ ಎಷ್ಟು? ಸ್ಕೇಲ್ ಹಿಡಿದು ಅಳೆಯಬೇಕಾಗಿಲ್ಲ, ಸದ್ದು ಎಣಿಸಿದರೆ ಸಾಕು. ನಿಮಿಷಕ್ಕೆ ಹತ್ತಿರಹತ್ತಿರ 120 ಸದ್ದು ಕೇಳಿಸುತ್ತಿತ್ತು. ಲೋಲಕ ಒಂದು ಸಲ ಹೋಗಿ ಬಂದರೆ ಎರಡು ಸದ್ದು, ಅಂದರೆ ಹೋಗಿ ಬರಲು ಒಂದು ಸೆಕೆಂಡ್. ಒಂದು ಸೆಕೆಂಡಿನ ಲೋಲಕದ ಉದ್ದ ನಮ್ಮ ಕಡೆ 24.8 ಸೆಂಟಿಮೀಟರ್. ಅದನ್ನು 180ರಿಂದ ಭಾಗಿಸಿದರೆ 1.4 ಮಿಲಿಮೀಟರ್. ದಿನಕ್ಕೆ ನಾಲ್ಕು ನಿಮಿಷ ತಿಂದು, ಅಜ್ಜಿಯ ಹಾಲನ್ನು ವಾಪಸ್ ತರಿಸಿ, ಇಡೀ ಮಶೀನನ್ನೇ ಗುಜರಿಗೆ ಕಳಿಸಲು ಹೊರಟಿದ್ದು ಒಂದೂವರೆ ಮಿಲಿಮೀಟರಿಗೂ ಕಡಿಮೆ!

ನಟ್ಟಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ಹತ್ತು ಸುತ್ತು ತಿರುಗಿಸಿ ನೋಡಿದೆ, ಬಿಲ್ಲೆ ಐದು ಮಿಲಿಮೀಟರ್ ಏರಿತು. ಒಂದು ಸುತ್ತಿಗೆ ಅರ್ಧ ಮಿಲಿಮೀಟರ್. ಮತ್ತೆ ಹಿಂದಕ್ಕೆ ತಂದು, ಅಲ್ಲಿಂದ ಎರಡೂ ಮುಕ್ಕಾಲು ಸುತ್ತು ಏರಿಸಿದೆ. ಇಲ್ಲೊಂದು ಎಚ್ಚರ ಬೇಕು. ಲೋಲಕ ತೂಗುಬಿದ್ದಿರುವುದು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಿಂದ. ನಟ್ಟು ತಿರುಗಿಸುವಾಗ ಬಿಲ್ಲೆಯೂ ಜೊತೆಗೆ ತಿರುಗಿದರೆ ಆ ಪಟ್ಟಿ ತಿರುಚಿಕೊಂಡು ಮುರಿಯುತ್ತದೆ. ಗಡಿಯಾರ ನಿಲ್ಲಿಸಿ, ಒಂದು ಕೈಯಲ್ಲಿ ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ನಟ್ಟು ತಿರುಗಿಸಬೇಕು. ಬಿಲ್ಲೆಯನ್ನು ಪೂರ್ತಿ ಕಳಚಿಟ್ಟುಕೊಂಡು ಮಾಡುವುದು ಇನ್ನೂ ಒಳ್ಳೆಯದು.

ಮರುದಿನ ಅದೇ ಹೊತ್ತಿಗೆ ನೋಡಿದರೆ ಗಡಿಯಾರ 15 ಸೆಕೆಂಡ್ ಮಾತ್ರ ಹಿಂದಿತ್ತು. ಪೂರ್ತಿ ಸೊನ್ನೆ ಯಾಕೆ ಬರಲಿಲ್ಲ ಎಂಬುದಕ್ಕೂ ಕಾರಣವಿದೆ. ನಾನು ಮಾಡಿದ್ದು ಸರಳ ಲೋಲಕದ ಲೆಕ್ಕ, ಅಲ್ಲಿ ಭಾರವೆಲ್ಲ ಒಂದೇ ಬಿಂದುವಿನಲ್ಲಿರುತ್ತದೆ. ಗಡಿಯಾರದ ಲೋಲಕದಲ್ಲಿ ಕಡ್ಡಿಗೂ ತೂಕವಿದೆ, ನಟ್ಟು ತಿರುಗಿಸಿದಾಗ ಮೇಲೇರುವುದು ಬಿಲ್ಲೆ ಮಾತ್ರ, ಕಡ್ಡಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಲೆಕ್ಕ ಹೇಳಿದ್ದಕ್ಕಿಂತ ಒಂಚೂರು ಹೆಚ್ಚೇ ಏರಿಸಬೇಕಾಗುತ್ತದೆ. ಉಳಿದ 15 ಸೆಕೆಂಡಿಗೆ ಬೇಕಾದದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಸರಿಸಿದೆ. ಮುಂದಿನ ಭಾನುವಾರ ಅಜ್ಜಿ ಕೀ ಕೊಡುವಾಗ ವಾರಕ್ಕೆ ಅರ್ಧ ನಿಮಿಷದ ವ್ಯತ್ಯಾಸವಿತ್ತು. ಅಷ್ಟು ಅಜ್ಜಿಗೆ ಸಾಕು, ಡೇರಿಗೂ ಸಾಕು. ಬ್ಯಾಟರಿ ಮಶೀನಿನ ಮಾತು ಮತ್ತೆ ಬರಲಿಲ್ಲ. ಸ್ಪ್ಯಾನರ್ ಕೂಡ ಬೇಕಾಗದ ರಿಪೇರಿ ಇದೊಂದೇ ಇರಬೇಕು, ನಾನು ಕಂಡ ಹಾಗೆ.

ಒಂದು ಮಿಲಿಮೀಟರಿಗೆ ಇಷ್ಟು ಬೆಲೆ ಇದ್ದರೆ ಬಿಸಿಲಿಗೆ ಏನಾಗಬೇಡ? ಉಕ್ಕಿನ ಕಡ್ಡಿ ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಲಕ್ಷಕ್ಕೆ 12 ಪಾಲಿನಷ್ಟು ಉದ್ದವಾಗುತ್ತದೆ. ಅದರ ಅರ್ಧ, ಲಕ್ಷಕ್ಕೆ ಆರು ಪಾಲು, ಸಮಯದಲ್ಲಿ ಹೆಚ್ಚುತ್ತದೆ. ದಿನಕ್ಕೆ 86,400 ಸೆಕೆಂಡ್, ಹಾಗಾಗಿ ದಿನಕ್ಕೆ ಐದು ಸೆಕೆಂಡ್ ಹಿಂದೆ. ಹಿತ್ತಾಳೆಯಾದರೆ ಎಂಟು ಸೆಕೆಂಡ್. ಮರ ತನ್ನ ಎಳೆಗುಂಟ ಹಿಗ್ಗುವುದು ಉಕ್ಕಿಗಿಂತ ಎಷ್ಟೋ ಕಡಿಮೆ. ಅಜ್ಜನ ಗಡಿಯಾರದಲ್ಲಿ ಮರದ ಕಡ್ಡಿ ಇದ್ದದ್ದು ಹಣ ಉಳಿಸಲು ಎಂದು ನಾನಂದುಕೊಂಡರೆ ನೀವೂ ನಗುತ್ತೀರಿ. ಬೇಸಿಗೆಗೆ ಜಗ್ಗದಿರಲಿ ಎಂದೇ ಗಡಿಯಾರ ಮಾಡುವವರು ಮರ ಹಾಕುತ್ತಿದ್ದರು.

ಲಂಡನ್ನಿನ ಬಿಗ್ ಬೆನ್ ಗೋಪುರದ ಗಡಿಯಾರದಲ್ಲಿ ನಟ್ಟು ತಿರುಗಿಸುವ ಗೊಡವೆಯೇ ಇಲ್ಲ. ಅದರ ಲೋಲಕ ಎರಡು ಸೆಕೆಂಡಿಗೊಮ್ಮೆ ಸದ್ದು ಮಾಡುತ್ತದೆ, ಅಂದರೆ ಹೋಗಿ ಬರಲು ನಾಲ್ಕು ಸೆಕೆಂಡ್. ಅಜ್ಜಿಯ ಗಡಿಯಾರದ ನಾಲ್ಕು ಪಟ್ಟು ಸಮಯ, ಆದ್ದರಿಂದ ಹದಿನಾರು ಪಟ್ಟು ಉದ್ದ: ಸುಮಾರು ನಾಲ್ಕು ಮೀಟರ್. ಗಡಿಯಾರ ಹಿಂದೆ ಬಿದ್ದರೆ ಅಲ್ಲಿನವರು ಲೋಲಕದ ಮೇಲೆ ಒಂದು ಹಳೆಯ ಪೆನ್ನಿ ನಾಣ್ಯ ಇಡುತ್ತಾರೆ. ದಿನಕ್ಕೆ 0.4 ಸೆಕೆಂಡ್ ಮುಂದೆ ಬರುತ್ತದೆ. ತೂಕಕ್ಕೂ ಸಮಯಕ್ಕೂ ಸಂಬಂಧವಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ, ಮತ್ತೆ ನಾಣ್ಯ ಹೇಗೆ ಕೆಲಸ ಮಾಡಿತು? ನಾಣ್ಯ ಕೂತದ್ದು ಗುಂಡಿನ ನಡುಭಾಗಕ್ಕಿಂತ ಮೇಲೆ. ಅದರಿಂದ ಒಟ್ಟು ಭಾರದ ಕೇಂದ್ರ ಕೂದಲೆಳೆಯಷ್ಟು ಮೇಲೇರಿತು, ಲೋಲಕ ಅಷ್ಟು ಗಿಡ್ಡವಾದ ಹಾಗಾಯಿತು. ಲೋಲಕಕ್ಕೆ ಗೊತ್ತಿರುವುದು ಭಾರ ಎಷ್ಟು ಎಂದಲ್ಲ, ಭಾರ ಎಲ್ಲಿ ಎಂದು.

ಇನ್ನು ಉದ್ದ ಒಂದಿಷ್ಟೂ ಬದಲಾಗದೆ ಗಡಿಯಾರ ಹಿಂದೆ ಬಿದ್ದರೆ? 1672ರಲ್ಲಿ ಜ್ಯಾನ್ ರಿಷೆ ಎಂಬ ಫ್ರೆಂಚ್ ಖಗೋಳ ವೀಕ್ಷಕ ದಕ್ಷಿಣ ಅಮೆರಿಕದ ಕರಾವಳಿಯ ಕಯೆನ್ ಎಂಬಲ್ಲಿಗೆ ಹೋದಾಗ ಇದೇ ಆಯಿತು. ಆ ಊರು ಭೂಮಧ್ಯರೇಖೆಗೆ ಬಹಳ ಹತ್ತಿರ. ಪ್ಯಾರಿಸ್‌ನಲ್ಲಿ ಸೆಕೆಂಡಿಗೊಮ್ಮೆ ಸರಿಯಾಗಿ ಬಡಿಯುತ್ತಿದ್ದ ಲೋಲಕ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬಿತ್ತು. ಸರಿಹೊಂದಿಸಲು ಅವನು ಲೋಲಕವನ್ನು ಫ್ರೆಂಚ್ ಅಳತೆಯಲ್ಲಿ ಒಂದೂಕಾಲು ಲೀನ್, ಅಂದರೆ ಸುಮಾರು 2.8 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಬಿಸಿಲಿಗೆ ಕಡ್ಡಿ ಹಿಗ್ಗಿರಬೇಕು ಎನ್ನಬಹುದಿತ್ತು. ಆದರೆ ಸುಮಾರು ಒಂದು ಮೀಟರ್ ಉದ್ದದ ಉಕ್ಕಿನ ಕಡ್ಡಿ ಅಷ್ಟು ಹಿಗ್ಗಬೇಕಾದರೆ ಪ್ಯಾರಿಸ್‌ಗಿಂತ ಇನ್ನೂರು ಡಿಗ್ರಿಗೂ ಹೆಚ್ಚು ಬಿಸಿಯಾಗಬೇಕು. ಅಲ್ಲಿ ಬದಲಾಗಿದ್ದದ್ದು L ಅಲ್ಲ, g. ಭೂಮಿ ತಿರುಗುವುದರಿಂದಲೂ ಭೂಮಧ್ಯರೇಖೆಯ ಬಳಿ ಉಬ್ಬಿರುವುದರಿಂದಲೂ ಅಲ್ಲಿ ಎಳೆತ ಸ್ವಲ್ಪ ಕಡಿಮೆ. ನ್ಯೂಟನ್ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ರಿಷೆಯ ಈ ಅಳತೆಯನ್ನು ಬಳಸಿಕೊಂಡ.

ಬೆಂಗಳೂರಿನಲ್ಲೂ g ಹೆಚ್ಚು ಕಡಿಮೆ ಕಯೆನ್‌ನಷ್ಟೇ, 9.78. ಸೆಕೆಂಡಿಗೊಮ್ಮೆ ಬಡಿಯುವ ಲೋಲಕ ಪ್ಯಾರಿಸ್‌ನಲ್ಲಿ 99.4 ಸೆಂಟಿಮೀಟರ್ ಇದ್ದರೆ ಇಲ್ಲಿ 99.1 ಇರಬೇಕು. ಅಲ್ಲಿ ಹೊಂದಿಸಿದ ಗಡಿಯಾರವನ್ನು ವಿಮಾನದಲ್ಲಿ ತಂದು ಇಲ್ಲಿನ ಗೋಡೆಗೆ ತೂಗು ಹಾಕಿದರೆ, ನಟ್ಟನ್ನು ಯಾರೂ ಮುಟ್ಟದಿದ್ದರೂ, ಮರುದಿನ ಬೆಳಗ್ಗೆ ಅದು ಎರಡು ನಿಮಿಷ ಹಿಂದಿರುತ್ತದೆ.